ಕೈಚಾಚದ ಕೃತಜ್ಞತೆ

ಸಂಕ್ರಾಂತಿಗೆ ಹಳ್ಳಿಮಕ್ಕಳ ಹಾಸ್ಟೆಲೊಂದರಿಂದ ದಾನಿಗಳಿಗೆ ಬಂದ ಕಾರ್ಡು ಕೈಯಲ್ಲಿದೆ. ಬರೆದವರ ಹದ ನನಗೆ ಬಹಳ ಮೆಚ್ಚುಗೆಯಾಯಿತು.

ಮೊದಲ ಸಾಲೇ ವಿಷಯಕ್ಕೆ ಬರುತ್ತದೆ: “ನೀವೆಲ್ಲ ಕೊಟ್ಟ ಹಣದಿಂದ ಸೋಲಾರ್ ಹೀಟರ್ ಬಂತು. ಮಕ್ಕಳಿಗೆ ಈಗ ಸೌದೆಯ ಹೊಗೆಯಿಲ್ಲದೆ ಬಿಸಿನೀರು ಸಿಗುತ್ತಿದೆ. ಮೋಡವಿದ್ದ ದಿನ ಮಾತ್ರ ಒಲೆ ಹಚ್ಚುತ್ತೇವೆ.” ಆ ಕೊನೆಯ ಮಾತಿನಿಂದಲೇ ಉಳಿದದ್ದರ ಮೇಲೆ ನಂಬಿಕೆ ಹುಟ್ಟುತ್ತದೆ. ಯಾರು ಎಷ್ಟು ಕೊಟ್ಟರೆಂದು ಬರೆದಿಲ್ಲ. ನೂರು ಕೊಟ್ಟವರಿಗೂ ಲಕ್ಷ ಕೊಟ್ಟವರಿಗೂ ಒಂದೇ ಕಾರ್ಡು. ಅಳುವ ಮಗುವಿನ ಚಿತ್ರವಿಲ್ಲ, ಬ್ಯಾಂಕ್ ಖಾತೆಯ ಸಂಖ್ಯೆಯಿಲ್ಲ, ಕ್ಯೂಆರ್ ಕೋಡ್ ಇಲ್ಲ. 80ಜಿ ರಸೀದಿಯನ್ನು ಹಣ ತಲುಪಿದಾಗಲೇ ಬೇರೆಯಾಗಿ ಕಳಿಸಿದ್ದರು. ಹಾಗಾಗಿ ಲೆಕ್ಕದ ಮಾತು ಹಬ್ಬದ ಮಾತಿನೊಳಗೆ ಬೆರೆತಿಲ್ಲ.

ಇಂಥ ಪತ್ರಗಳು ಕೆಡುವುದು ಸಾಮಾನ್ಯವಾಗಿ ಕೊನೆಯಲ್ಲಿ. “ನಿಮ್ಮ ಸಹಕಾರ ಹೀಗೇ ಮುಂದುವರಿಯಲಿ” ಎಂದೊಡನೆ ಅದುವರೆಗಿನ ವಂದನೆಯೆಲ್ಲ ಬೇಡಿಕೆಯ ಪೀಠಿಕೆಯಾಗಿಬಿಡುತ್ತದೆ. ಇಲ್ಲಿ ಆ ಜಾಗದಲ್ಲಿರುವುದು “ನಿಮ್ಮ ಮನೆಯವರೆಲ್ಲರಿಗೂ ಹಬ್ಬದ ಶುಭಾಶಯ” ಮತ್ತು ಅಡುಗೆಯವರ, ವಾರ್ಡನ್ನರ ಸಹಿ. ಸಂಸ್ಥೆಗೆ ಹಣ ಬೇಕಾದಾಗ ಅದನ್ನು ಸಂಕೋಚವಿಲ್ಲದೆ ಕೇಳಲಿ, ಆದರೆ ಇನ್ನೊಂದು ತಿಂಗಳು, ಇನ್ನೊಂದು ಪತ್ರದಲ್ಲಿ. ಹಬ್ಬದ ಕಾರ್ಡಿಗೆ ಥ್ಯಾಂಕ್ಸ್ ಹೇಳುವ ಒಂದೇ ಕೆಲಸ ಸಾಕು.