ಫ್ರೆಂಚ್ ಪ್ರಶ್ನಾರ್ಥಕ ರಚನೆಗಳ ಮೂರು ಮೆಟ್ಟಿಲು: ವಿಜಯಪುರದ ಕನ್ನಡದ ನೆಲೆಯಿಂದ ಒಂದು ವಿಮರ್ಶೆ

ಫ್ರೆಂಚ್ ಕಲಿಕೆಯ ಆರಂಭಿಕ ಪಠ್ಯಗಳು ‘ನೀವು ಬರುವಿರಾ?’ ಎಂಬಂಥ ಪ್ರಶ್ನೆಯನ್ನು ಸಾಮಾನ್ಯವಾಗಿ ಮೂರು ಮೆಟ್ಟಿಲುಗಳಲ್ಲಿ ಜೋಡಿಸುತ್ತವೆ. ಹೇಳಿಕೆಯ ಪದಕ್ರಮವನ್ನು ಹಾಗೆಯೇ ಉಳಿಸಿ ಸ್ವರವನ್ನಷ್ಟೇ ಏರಿಸುವ ‘ವೂ ವನೇ?’ ಅನೌಪಚಾರಿಕ, ಮೊದಲಿಗೆ ‘ಎಸ್ ಕ’ ಸೇರಿಸಿದ ‘ಎಸ್ ಕ ವೂ ವನೇ?’ ತಟಸ್ಥ, ಕ್ರಿಯಾಪದವನ್ನು ಸರ್ವನಾಮಕ್ಕಿಂತ ಮೊದಲು ತರುವ ‘ವನೇ-ವೂ?’ ಔಪಚಾರಿಕ. ಈ ವಿಂಗಡಣೆ ಸುಳ್ಳಲ್ಲ. ಆದರೆ ಕನ್ನಡ ಮಾತೃಭಾಷಿಕರು ಇದನ್ನು ಗೌರವದ ಶ್ರೇಣಿಯೆಂದು ಓದಿಕೊಳ್ಳಲು ಎಡೆಯಿದೆ ಎಂಬುದು ನಮ್ಮ ಆಕ್ಷೇಪ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಆಡುಮಾತನ್ನು ಗಮನಿಸಿದರೆ ಇದರ ಕಾರಣ ತಿಳಿಯುತ್ತದೆ. ಕಿರಿಯನಿಗೆ ‘ಊಟ ಆತೇನೋ?’, ಹಿರಿಯರಿಗೆ ‘ಊಟ ಆತೇನ್ರಿ?’. ಎರಡರಲ್ಲಿಯೂ ಪ್ರಶ್ನೆಯನ್ನು ಮಾಡುವುದು ‘ಏನ್’. ಸಂಬಂಧವನ್ನು ಸೂಚಿಸುವುದು ಅದರ ಬೆನ್ನಿಗೆ ಬರುವ ‘ಓ’ ಅಥವಾ ‘ರಿ’. ಪ್ರಶ್ನೆಯ ರಚನೆ ಬದಲಾಗದೆಯೇ ಗೌರವ ಬದಲಾಗುತ್ತದೆ. ರಚನೆಯ ಔಪಚಾರಿಕತೆ ಬೇರೆಡೆ ಇದೆ: ಬರಹದ ‘ಊಟವಾಯಿತೇ?’ ಎಂಬುದು ಗ್ರಾಂಥಿಕ, ಆದರೆ ಅದರಲ್ಲಿ ಆದರಸೂಚಕ ಪ್ರತ್ಯಯವೇ ಇಲ್ಲ.

ಫ್ರೆಂಚಿನಲ್ಲಿಯೂ ಇವು ಎರಡು ಪ್ರತ್ಯೇಕ ಅಕ್ಷಗಳು. ಗೌರವ ಅಥವಾ ಅಂತರವನ್ನು ‘ತ್ಯೂ’ (ನೀನು), ‘ವೂ’ (ನೀವು) ಎಂಬ ಸರ್ವನಾಮಗಳ ಆಯ್ಕೆ ಹೊರುತ್ತದೆ. ಸಂದರ್ಭದ ಬಿಗಿಯನ್ನು ರಚನೆ ಹೊರುತ್ತದೆ. ಅಪರಿಚಿತ ಹಿರಿಯರೊಡನೆ ‘ವೂ ವನೇ?’ ಎಂದರೆ ಮಾತು ಸಡಿಲ, ಆದರೆ ಗೌರವಕ್ಕೆ ಕುಂದಿಲ್ಲ. ‘ಎಸ್ ಕ’ ತಟಸ್ಥವೆಂದು ನಂಬಿ ಅವರನ್ನು ‘ಎಸ್ ಕ ತ್ಯೂ ವ್ಯಾಂ?’ ಎಂದು ಕೇಳಿದರೆ ರಚನೆ ತಟಸ್ಥವಾಗಿಯೇ ಇದ್ದರೂ ಸಲುಗೆ ಅತಿಯಾಗುತ್ತದೆ. ಗೆಳೆಯನಿಗೆ ‘ವ್ಯಾಂ-ತ್ಯೂ?’ ಎಂದರೆ ಸಲುಗೆ ಸರಿ, ಮಾತು ಮಾತ್ರ ತುಸು ಪುಸ್ತಕದ್ದೆನಿಸುತ್ತದೆ. ಮೆಟ್ಟಿಲುಗಳ ಪಟ್ಟಿಯೊಂದರಿಂದಲೇ ಈ ಮೂರು ಪರಿಣಾಮಗಳನ್ನು ಊಹಿಸಲಾಗದು.

ಮೆಟ್ಟಿಲುಗಳು ತಮ್ಮ ಅಕ್ಷದಲ್ಲಿಯೂ ಸಮವಾಗಿಲ್ಲ. ವರ್ತಮಾನಕಾಲದಲ್ಲಿ ‘ಜ’ (ನಾನು) ಸರ್ವನಾಮದೊಡನೆ ಪಲ್ಲಟವು ಬೆರಳೆಣಿಕೆಯ ಕ್ರಿಯಾಪದಗಳನ್ನು ಬಿಟ್ಟರೆ ಬಹುಮಟ್ಟಿಗೆ ಅಸಾಧ್ಯ. ‘ನಾನು ಓಡುತ್ತೇನೆಯೇ?’ ಎನ್ನಲು ಔಪಚಾರಿಕ ಬರಹದಲ್ಲಿಯೂ ‘ಎಸ್ ಕ ಜ ಕೂರ್?’ ಎಂಬುದೇ ಸಹಜ. ಇಲ್ಲಿ ಆಯ್ಕೆಯನ್ನು ನಿರ್ಧರಿಸುವುದು ವ್ಯಾಕರಣವೇ ಹೊರತು ಶಿಷ್ಟಾಚಾರವಲ್ಲ. ಕ್ವೆಬೆಕ್‌ನ ಆಡುಮಾತಿನ ‘ತ್ಯೂ ವ್ಯಾಂ-ತ್ಯೂ?’ ಎಂಬಲ್ಲಿ ಎರಡನೆಯ ‘ತ್ಯೂ’ ಸರ್ವನಾಮವಲ್ಲ, ನಮ್ಮ ‘ಏನ್’ನಂತೆ ಕ್ರಿಯಾಪದಕ್ಕೆ ಅಂಟಿದ ಪ್ರಶ್ನಾರ್ಥಕ ನಿಪಾತ. ಅದು ‘ಅವನು’, ‘ಅವರು’ ಎಂಬ ಕರ್ತೃಗಳೊಡನೆಯೂ ಬದಲಾಗದೆ ಬರುವುದೇ ಇದಕ್ಕೆ ಸಾಕ್ಷಿ. ನೋಟಕ್ಕೆ ಪಲ್ಲಟದಂತಿದ್ದರೂ ಬಳಕೆಯಲ್ಲಿ ಅದು ಪೂರ್ತಿ ಅನೌಪಚಾರಿಕ.

ಆದ್ದರಿಂದ ಕನ್ನಡ ಕಲಿಕಾರರಿಗೆ ರಚನೆಯನ್ನೂ ಸರ್ವನಾಮವನ್ನೂ ಬೇರೆ ಬೇರೆ ಸಾಲಿನಲ್ಲಿಟ್ಟು, ಒಂದನ್ನು ಸ್ಥಿರವಾಗಿರಿಸಿ ಇನ್ನೊಂದನ್ನು ಬದಲಿಸಿ ತೋರಿಸುವ ಆರು ಮನೆಗಳ ಕೋಷ್ಟಕವೇ ಹೆಚ್ಚು ನಿಖರವೆಂದು ನಾವು ಭಾವಿಸುತ್ತೇವೆ. ‘ಆತೇನೋ’, ‘ಆತೇನ್ರಿ’ಗಳ ಭೇದವನ್ನು ಬಲ್ಲವರಿಗೆ ಅದರ ಒಂದು ಅಕ್ಷ ಈಗಾಗಲೇ ಪರಿಚಿತ.