ಗೂಡಿನ ದರ ಏರಿದಾಗ ರೆಂಡಿಟ್ಟಾ ಬದಲಿಸಬೇಕೇ?

ಸೂಲಿಬೆಲೆ ಸೀಮೆಯ ರೇಷ್ಮೆಗೂಡು ವಿಜಯಪುರ, ಶಿಡ್ಲಘಟ್ಟದ ಮಾರುಕಟ್ಟೆಗಳಿಗೆ ಹರಾಜಿಗೆ ಹೋಗುತ್ತದೆ. ಅಲ್ಲಿ ದರ ದಿಢೀರನೆ ಏರಿದರೆ ನೂಲು ಬಿಚ್ಚುವ ಘಟಕಗಳ ಲೆಕ್ಕದಲ್ಲಿ ಒಂದು ಸುಲಭದ ರೂಢಿ ನುಸುಳುತ್ತದೆ. ಕಳೆದ ತಿಂಗಳು ಒಂದು ಕಿಲೋ ನೂಲಿಗೆ ಎಷ್ಟು ಬಿತ್ತೋ ಅದನ್ನೇ ಹೊಸ ಮಾನಕ ವೆಚ್ಚವೆಂದು ಬರೆದುಬಿಡುವುದು. ನನ್ನ ಪ್ರಕಾರ ಇದು ಮಾನಕವನ್ನು ಪರಿಷ್ಕರಿಸುವುದಲ್ಲ, ನಷ್ಟವನ್ನು ಮುಚ್ಚಿಡುವುದು.

ಒಂದು ಮಾದರಿ ಲೆಕ್ಕ ನೋಡೋಣ. ಮಿಶ್ರತಳಿ ಗೂಡಿಗೆ ಘಟಕ ಇಟ್ಟುಕೊಂಡ ರೆಂಡಿಟ್ಟಾ 7.2, ಅಂದರೆ ಒಂದು ಕಿಲೋ ನೂಲಿಗೆ 7.2 ಕಿಲೋ ಗೂಡು. ಮಾನಕ ದರ ಕಿಲೋಗೆ 400 ರೂಪಾಯಿ. ಆ ತಿಂಗಳು 100 ಕಿಲೋ ನೂಲಿಗೆ 750 ಕಿಲೋ ಗೂಡು ಹಿಡಿಯಿತು, ಕೊಂಡದ್ದು 620ರಂತೆ. 2,88,000 ಆಗಬೇಕಿದ್ದ ಕಡೆ 4,65,000 ಆಯಿತು, ಹೆಚ್ಚಿದ್ದು 1,77,000.

ಇಷ್ಟನ್ನೂ ಮಾರುಕಟ್ಟೆಯ ತಲೆಗೆ ಕಟ್ಟುವುದು ಸಲೀಸು. ಆದರೆ ಅದೇ ತಳಿಯ ಗೂಡಿಗೆ ಮಾರುಕಟ್ಟೆಯ ತಿಂಗಳ ಸರಾಸರಿ 600 ಇತ್ತೆನ್ನಿ. ದರವನ್ನು ಮಾತ್ರ 600ಕ್ಕೆ ತಿದ್ದಿ, 7.2ನ್ನು ಹಾಗೇ ಬಿಟ್ಟರೆ ಮೊತ್ತ ಮೂರು ಪಾಲಾಗುತ್ತದೆ. 720 ಕಿಲೋಗೆ 200ರಂತೆ 1,44,000 ಮಾರುಕಟ್ಟೆಯದು, ಅದಕ್ಕೆ ಯಾರನ್ನೂ ಕೇಳುವಂತಿಲ್ಲ. ಸರಾಸರಿಗಿಂತ 20 ರೂಪಾಯಿ ಹೆಚ್ಚು ಕೊಟ್ಟ 15,000 ಹರಾಜಿನಲ್ಲಿ ಕೂಗಿದವರದು. ಹೆಚ್ಚುವರಿ 30 ಕಿಲೋ ಗೂಡಿನ 18,000 ಬೇಸಿನ್ನಿನ ಮುಂದೆ ಹೋದದ್ದು.

ಹಳೆಯ ದರದಲ್ಲೇ ಎಣಿಸಿದ್ದರೆ ಈ 30 ಕಿಲೋ ಬರೀ 12,000ದಂತೆ ಕಾಣುತ್ತಿತ್ತು. ದರ ಏರಿದಾಗ ಹಾಳಾದ ಪ್ರತಿ ಗೂಡೂ ದುಬಾರಿ; ಬೇಯಿಸುವ ತೊಟ್ಟಿಯ ರಿಪೇರಿಯನ್ನು ಮುಂದೂಡಬೇಕೋ ಬೇಡವೋ ಎಂಬುದು ಇಲ್ಲೇ ತೀರ್ಮಾನವಾಗುತ್ತದೆ. ಅತ್ತ 4,650ನ್ನೇ ಹೊಸ ಮಾನಕ ಮಾಡಿಕೊಂಡವರಿಗೆ ಮುಂದಿನ ತಿಂಗಳೂ ಅದೇ ದರದಲ್ಲಿ 7.5 ಹಿಡಿದರೆ ವ್ಯತ್ಯಾಸ ಸೊನ್ನೆ!

ತಿಂಗಳು ಮುಗಿದ ಮೇಲೆ ದರ ತಿದ್ದುವ ಈ ವಿಧಾನಕ್ಕೂ ಮಿತಿಯಿದೆ. 1967ರಲ್ಲಿ ಲೆಕ್ಕಶಾಸ್ತ್ರಜ್ಞ ಜೋಯೆಲ್ ಡೆಮ್ಸ್ಕಿ ಇಂಥ ಹಿನ್ನೋಟದ ಮಾನಕವನ್ನು ಮಂಡಿಸಿದರು. ಆದರೆ ಹಿನ್ನೋಟದಲ್ಲಿ ‘ಮಾರುಕಟ್ಟೆ’ಯ ಪಾಲನ್ನು ಬೇಕಾದಷ್ಟು ಹಿಗ್ಗಿಸಬಹುದು. ಆದ್ದರಿಂದ ಹೊಸ ದರ ಘಟಕದ ಖರೀದಿ ಚೀಟಿಯಿಂದ ಬರಬಾರದು, ಮಾರುಕಟ್ಟೆಯ ಸರಾಸರಿಯಿಂದಲೇ ಬರಬೇಕು. ಇನ್ನೊಂದು ತೊಡಕು, ದರ ಮತ್ತು ದಕ್ಷತೆ ಪೂರ್ತಿ ಬೇರೆಬೇರೆಯಲ್ಲ. ದರ ಏರಿತೆಂದು ತೆಳುಗೂಡಿನ ಅಗ್ಗದ ಲಾಟು ಕೊಂಡರೆ ಖರೀದಿಯಲ್ಲಿ ಉಳಿತಾಯ ಕಾಣುತ್ತದೆ, ರೆಂಡಿಟ್ಟಾ ಏರುತ್ತದೆ, ಬೈಗುಳ ಬಿಚ್ಚುವವರಿಗೆ. ಇದನ್ನು ಹಿಡಿಯಲು ಲಾಟುವಾರು ರೆಂಡಿಟ್ಟಾ ಬರೆದಿಡಬೇಕು. ಒಂದೇ ಲಾಟು ಎರಡು ಬೇಸಿನ್ನಿನಲ್ಲಿ ಬೇರೆಬೇರೆ ಬಂದರೆ ದೋಷ ಕೆಲಸದ್ದು. ಎಲ್ಲ ಬೇಸಿನ್ನಿನಲ್ಲೂ ಒಂದೇ ಸಮ ಏರಿದರೆ ಮೊದಲು ಗೂಡನ್ನು ನೋಡಬೇಕು. 7.2ನ್ನು ತಿದ್ದುವುದಿದ್ದರೆ ಮಿಶ್ರತಳಿ ಬಿಟ್ಟು ದ್ವಿತಳಿಗೆ ಹೋದಂಥ ಸಂದರ್ಭದಲ್ಲಿ, ಅದೂ ಪರೀಕ್ಷೆಗೆ ಬಿಚ್ಚಿ ನೋಡಿದ ಮೇಲೆ.