ಕೆರೆಗೆ ರೆಕ್ಕೆ ಬರುವ ಲೆಕ್ಕ

ಒಂದು ಪದಕ್ಕೆ ಒಂದಕ್ಷರ ಸೇರಿಸಿ, ಎಲ್ಲವನ್ನೂ ಕಲಸಿ, ಇನ್ನೊಂದು ಪದ ಕಟ್ಟುವ ಆಟ ಕನ್ನಡಕ್ಕೆ ಒಗ್ಗುವುದಿಲ್ಲ ಅನ್ನುವುದು ನಮ್ಮ ಪದಬಂಧಪ್ರಿಯರಲ್ಲಿ ಬೇರೂರಿದ ಮಾತು. ಗುಬ್ಬಿಯ ಮೇಷ್ಟ್ರೊಬ್ಬರು ತುಮಕೂರಿನ ಬಸ್‌ಸ್ಟ್ಯಾಂಡಿನಲ್ಲಿ ಕಾಫಿ ಕುಡಿಯುತ್ತಾ ನನಗೂ ಅದನ್ನೇ ಹೇಳಿದರು: “ಇದು ಇಂಗ್ಲಿಷಿನೋರ ಆಟ ಕಣ್ರೀ. ನಮ್ಮ ಅಕ್ಷರಕ್ಕೆ ಕೊಂಬು, ಇಳಿ, ಒತ್ತು ಎಲ್ಲಾ ಅಂಟಿಕೊಂಡಿರ್ತವೆ. ಕಲಸೋದು ಎಲ್ಲಿಂದ?”

ಮೊದಲು ಅವರ ದಾರಿಯಲ್ಲೇ ಹೋಗೋಣ. ಅಕ್ಷರವನ್ನು ಒಡೆಯದೆ, ಇಡಿಯಾಗಿಯೇ ಜರುಗಿಸಬೇಕು. ‘ಸಲ’ಕ್ಕೆ ‘ಕೆ’ ಸೇರಿಸಿ ತಿರುವಿದರೆ ‘ಕೆಲಸ’. ‘ಸರ’ಕ್ಕೆ ‘ಅ’ ಸೇರಿದರೆ ‘ಅರಸ’. ‘ತಡ’ಕ್ಕೆ ‘ಕ’ ಸೇರಿದರೆ ‘ಕಡತ’. ಕಚೇರಿಗೆ ಅಲೆದವರಿಗೆ ಈ ಕೊನೆಯದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗುಬ್ಬಿ ತಾಲ್ಲೂಕಿನ ಚೇಳೂರಿನ ಕೆಂಪು ತೊಳೆಯ ‘ಸಿದ್ದು’ ಹಲಸು ಹೆಸರುವಾಸಿ, ಹಾಗಾಗಿ ಮೇಷ್ಟ್ರು ‘ಹಸು’ವಿಗೆ ‘ಲ’ ಸೇರಿಸಿ ‘ಹಲಸು’ ಮಾಡಿದರು. ನಾನು ಒಪ್ಪಲಿಲ್ಲ. ‘ಹ’ ಮೊದಲೂ ‘ಸು’ ಕೊನೆಗೂ ಇದ್ದಲ್ಲೇ ಇವೆ, ನಡುವೆ ‘ಲ’ ತೂರಿದೆ ಅಷ್ಟೆ. ಹಳೆಯ ಸಾಲು ಮುರಿಯದಿದ್ದರೆ ಅದು ಕಲಸಿದ್ದಾಗುವುದಿಲ್ಲ.

ಆದರೆ ಈ ದಾರಿ ಬೇಗ ಮುಗಿಯುತ್ತದೆ, ಅದು ನಿಜ. ಸಿಕ್ಕಿದ ಉದಾಹರಣೆಗಳಲ್ಲಿ ಹೆಚ್ಚಿನವು ಗುಣಿತವಿಲ್ಲದ ಬರೀ ಅಕಾರದ ಅಕ್ಷರಗಳಿಂದಾದವು. 34 ವ್ಯಂಜನಕ್ಕೆ 13 ಸ್ವರ ಹಚ್ಚಿದರೆ ಒತ್ತುಗಳನ್ನು ಬಿಟ್ಟೇ 442 ಅಕ್ಷರ. ಇಷ್ಟು ದೊಡ್ಡ ರಾಶಿಯಲ್ಲಿ ಎರಡು ಪದಗಳಿಗೆ ಅದೇ ‘ಣಿ’, ಅದೇ ‘ಕೂ’ ಸಿಗುವುದು ಅಪರೂಪ. ಕುಣಿಗಲ್ ಕೆರೆಯ ‘ಕೆರೆ’ಯನ್ನೇ ತಗೊಳ್ಳಿ. ‘ಕೆ’, ‘ರೆ’ ಎರಡನ್ನೂ ಹಿಂದುಮುಂದು ಮಾಡಿ ಯಾವ ಅಕ್ಷರ ಹಾಕಿದರೂ ನನಗೊಂದು ಪದ ಸಿಗಲಿಲ್ಲ.

ಮೇಷ್ಟ್ರ ತಪ್ಪಿರುವುದು ಇಲ್ಲೇ. ಅಕ್ಷರ ಒಡೆಯಬಾರದೆಂದು ಹೇಳಿದವರು ಯಾರು? ಸಂಧಿ ಬಿಡಿಸುವಾಗ ಅವರೇ ಮಕ್ಕಳ ಕೈಲಿ ಅಕ್ಷರ ಒಡೆಸುತ್ತಾರೆ. ‘ಊರು’ ಮತ್ತು ‘ಅಲ್ಲಿ’ ಸೇರಿ ‘ಊರಲ್ಲಿ’ ಆಗುವಾಗ ‘ರು’ವಿನೊಳಗಿನ ‘ಉ’ ಬಿದ್ದುಹೋಗುತ್ತದೆ, ‘ರ್’ ಉಳಿಯುತ್ತದೆ. ವರ್ಣವನ್ನು ಬಿಡಿಬಿಡಿಯಾಗಿ ಎಣಿಸುವುದು ನಮ್ಮ ವ್ಯಾಕರಣದ ಹಳೆಯ ರೂಢಿ. ಹಾಗೆ ಎಣಿಸಿದರೆ ಕಾಯಿಗಳು 442 ಅಲ್ಲ, ವರ್ಣಮಾಲೆಯ 49 ಮಾತ್ರ.

ಈಗ ಕೆರೆಯನ್ನು ಮತ್ತೆ ಬಿಡಿಸಿ: ಕ್, ಎ, ರ್, ಎ. ಇನ್ನೊಂದು ‘ಕ್’ ಸೇರಿಸಿ. ರ್, ಎ, ಕ್, ಕ್, ಎ. ಕೆರೆಗೆ ‘ರೆಕ್ಕೆ’ ಬಂತು!

ಆಟದ ಒಳಗುಟ್ಟೂ ಇಲ್ಲಿದೆ. ಕನ್ನಡ ಪದ ಸಾಮಾನ್ಯವಾಗಿ ವ್ಯಂಜನ, ಸ್ವರ, ಮತ್ತೆ ವ್ಯಂಜನ, ಸ್ವರ ಎಂದು ಜೋಡಿಜೋಡಿಯಾಗಿ ನಡೆಯುತ್ತದೆ. ಇಂಥ ಸರಿಜೋಡಿಗೆ ಒಂದು ವ್ಯಂಜನ ಹೆಚ್ಚಾದರೆ ಅದಕ್ಕೆ ಸ್ವರ ಉಳಿದಿರುವುದಿಲ್ಲ, ಒತ್ತಾಗಿ ಕೂರಬೇಕು, ಇಲ್ಲವೇ ‘ಕುಣಿಗಲ್’ನ ಹಾಗೆ ಕೊನೆಯಲ್ಲಿ ನಿಲ್ಲಬೇಕು. ಹೆಚ್ಚಾದದ್ದು ಸ್ವರವಾದರೆ ಪದದ ತಲೆಗೇ ಹೋಗಬೇಕು, ಏಕೆಂದರೆ ಎರಡು ಸ್ವರ ಪಕ್ಕಪಕ್ಕ ಬಂದರೆ ಕನ್ನಡ ಸಹಿಸದು, ನಡುವೆ ‘ಯ್’ ಅಥವಾ ‘ವ್’ ತಂದು ಕೂರಿಸುತ್ತದೆ. ಮೊದಲೇ ಒತ್ತಿರುವ ಪದದಲ್ಲಿ ಮಾತ್ರ ಸ್ವರಕ್ಕೆ ಒಳಗೆ ಜಾಗ ಉಂಟು, ಒತ್ತು ಬಿಚ್ಚಿಕೊಳ್ಳುತ್ತದೆ. ‘ಕರ್ಮ’ದಲ್ಲಿ ಕ್, ಅ, ರ್, ಮ್, ಅ ಇವೆ. ಇನ್ನೊಂದು ‘ಅ’ ಕೊಟ್ಟರೆ ‘ಮಕರ’. ‘ರ್ಮ’ವನ್ನು ಒಡೆಯದ ಕಾಯಿ ಎಂದು ಹಿಡಿದು ಕೂತವರಿಗೆ ಈ ಮೊಸಳೆ ಕಾಣುವುದೇ ಇಲ್ಲ.

ತೊಂದರೆಗಳಿಲ್ಲವೆಂದಲ್ಲ. ‘ಆ’ ಎಂದರೆ ಎರಡು ‘ಅ’ ಎಂದು ಯಾರಾದರೂ ಜಾಣತನ ತೋರಿಸಬಹುದು, ಒಪ್ಪಬಾರದು. ಸೊನ್ನೆಯನ್ನು ಸೊನ್ನೆಯಾಗಿಯೇ ಎಣಿಸಬೇಕು, ‘ಮ್’, ‘ನ್’ ಎಂದು ಬೇಕಾದಂತೆ ಬದಲಿಸಕೂಡದು. ಎರಡು ಲೆಕ್ಕವನ್ನು ಬೆರೆಸಲೂ ಬಾರದು: ‘ತಡ’ದಿಂದ ‘ಕಡತ’ಕ್ಕೆ ಅಕ್ಷರ ಒಂದೇ ಹೆಚ್ಚಾದರೂ ವರ್ಣ ಎರಡು ಹೆಚ್ಚಾಗಿವೆ. ಅನುಮಾನ ಬಂದರೆ ಎರಡೂ ಪದವನ್ನು ಬಿಡಿಸಿ ಬರೆದು ಒಂದಕ್ಕೊಂದು ಹೊಡೆದುಹಾಕುತ್ತಾ ಹೋಗಿ. ಕೊನೆಗೆ ಉದ್ದದ ಪದದಲ್ಲಿ ಒಂದೇ ವರ್ಣ ಉಳಿಯಬೇಕು.

ಒಂದು ಮಾತು ಪಕ್ಕಕ್ಕೆ. 2014ರಲ್ಲಿ ನಮ್ಮ ಊರಿನ ಇಂಗ್ಲಿಷ್ ಹೆಸರು ತಿದ್ದಿದಾಗ ಅದಕ್ಕೆ ಎರಡು ಅಕ್ಷರ ಹೆಚ್ಚಾಯಿತು. ಕನ್ನಡದ ‘ತುಮಕೂರು’ ಇದ್ದಂತೆಯೇ ಇತ್ತು. ಇಂಗ್ಲಿಷಿನ ಎಣಿಕೆಯಿಂದ ಕನ್ನಡದ ಆಟವನ್ನು ಅಳೆಯುವವರು ಇದನ್ನು ಸ್ವಲ್ಪ ನೆನೆಯಲಿ.

ಮೇಷ್ಟ್ರು ಮೊನ್ನೆ ಫೋನ್ ಮಾಡಿದ್ದರು. “‘ಕಡತ’ಕ್ಕೆ ‘ಲು’ ಹಾಕಿದ್ರೆ ‘ತಡಕಲು’. ನಿಮ್ಮ ಕಡತಾನ ತಡಕಲು ಹಚ್ಚಿಬಿಟ್ಟೆ, ನೋಡಿ!” ಸೊಗಸಾಗಿತ್ತು. ಆದರೂ ನಾನು ಬೇಡವೆಂದೆ. ನಿಘಂಟಿನಲ್ಲಿರುವುದು ‘ತಡಕು’. ‘ಲು’, ‘ವು’, ‘ದ’ಗಳನ್ನೆಲ್ಲ ಒಳಗೆ ಬಿಟ್ಟುಕೊಂಡರೆ ಕನ್ನಡದಲ್ಲಿ ಯಾವ ಪದ ತಾನೆ ಬೆಳೆಯದು? ಅವರಿಗೆ ಬೇಜಾರಾಯಿತು. ಸಮಾಧಾನಕ್ಕೆ ಅವರ ಊರಿನ ಹೆಸರನ್ನೇ ಕೊಟ್ಟಿದ್ದೇನೆ: ಗ್, ಉ, ಬ್, ಬ್, ಇ. ರೆಕ್ಕೆ ಸಿಕ್ಕಿದೆ, ಆದರೆ ಗುಬ್ಬಿ ಇನ್ನೂ ನನ್ನ ಕೈಗೆ ಸಿಕ್ಕಿಲ್ಲ.